ಎರಡು ತಪ್ಪು ಉತ್ತರಗಳ ನಡುವೆ ಇರುವ ಸರಿ ಬಡ್ಡಿ

ನಮ್ಮ ಬೀದಿಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಸರ್ಕಾರಿ ಬಾಂಡ್‌ನಲ್ಲಿ ಹಾಕೋಣವೆಂದು ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಖಾತೆ ತೆರೆದಿದ್ದರು. 2021ರ ನವೆಂಬರ್‌ನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಹತ್ತು ಸಾವಿರ ರೂಪಾಯಿ ಮುಖಬೆಲೆಯಿಂದಲೇ ಕೇಂದ್ರ ಸರ್ಕಾರದ ಬಾಂಡ್‌ಗಳನ್ನೂ ರಾಜ್ಯಗಳ ಸಾಲಪತ್ರಗಳನ್ನೂ ನಮ್ಮಂಥವರು ನೇರವಾಗಿ ಕೊಳ್ಳಬಹುದು. ಒಂದು ಸಂಜೆ ಅವರು ಒಂದು ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನೋಡಿ, ಇದು ಶೇ. 7ರ ಬಾಂಡ್. ನೂರು ರೂಪಾಯಿಯದು ತೊಂಬತ್ತೈದಕ್ಕೆ ಸಿಗ್ತಾ ಇದೆ. ಇನ್ನು ಸರಿಯಾಗಿ ಐದು ವರ್ಷ ಅವಧಿ ಇದೆ. ಹಾಗಾದ್ರೆ ನನಗೆ ಬಡ್ಡಿ ಎಷ್ಟು ಬಿತ್ತು? ಏಳೋ, ಅದಕ್ಕಿಂತ ಜಾಸ್ತಿಯೋ?"

"ಜಾಸ್ತಿಯೇ ಮೇಷ್ಟ್ರೇ. ಎಷ್ಟು ಜಾಸ್ತಿ ಅನ್ನೋದನ್ನ ಕೂತು ಲೆಕ್ಕ ಹಾಕಬೇಕು."

"ಸೂತ್ರ ಹೇಳಿ, ನಾನೇ ಹಾಕ್ತೀನಿ."

"ಸೂತ್ರ ಇಲ್ಲ."

ಗಣಿತದ ಮೇಷ್ಟ್ರಿಗೆ ಈ ಮಾತು ರುಚಿಸಲಿಲ್ಲ. ಆದರೆ ವಿಷಯ ಇರುವುದೇ ಹಾಗೆ. ಬಾಂಡಿನ ನಿಜವಾದ ಬಡ್ಡಿಯನ್ನು ನೇರವಾಗಿ ಕೊಡುವ ಸೂತ್ರವಿಲ್ಲ. ಅದನ್ನು ಊಹಿಸಿ, ಪರೀಕ್ಷಿಸಿ, ತಿದ್ದಿಕೊಂಡು ಹಿಡಿಯಬೇಕು. ಅಂದು ನಾವಿಬ್ಬರೂ ಒಂದು ಸಾದಾ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಹಿಂಬಾಲಿಸಲು ಸುಲಭವಾಗಲೆಂದು ಬೆಲೆ, ಅವಧಿಗಳನ್ನು ದುಂಡಗೆ ಇಟ್ಟಿದ್ದೇನೆ.

ಒಂದೇ ಬಾಂಡಿಗೆ ಮೂರು ಬಡ್ಡಿ

ಬಾಂಡ್ ಎಂದರೆ ಸರ್ಕಾರಕ್ಕೆ ನಾವು ಕೊಡುವ ಸಾಲ. ಪತ್ರದ ಮೇಲೆ ನಮೂದಾದ ಮೊತ್ತ ಮುಖಬೆಲೆ; ಅವಧಿ ಮುಗಿದ ದಿನ ಅಷ್ಟು ಹಣ ವಾಪಸು ಬರುತ್ತದೆ. ನಡುವೆ ಕೊಡುವ ಬಡ್ಡಿಗೆ ಕೂಪನ್ ಎಂದು ಹೆಸರು. ನಮ್ಮ ದೇಶದ ಸರ್ಕಾರಿ ಬಾಂಡ್‌ಗಳಲ್ಲಿ ಸಾಮಾನ್ಯವಾಗಿ ಈ ಬಡ್ಡಿ ಆರು ತಿಂಗಳಿಗೊಮ್ಮೆ ಬರುತ್ತದೆ. ಶೇ. 7ರ ಬಾಂಡ್ ಎಂದರೆ ನೂರು ರೂಪಾಯಿ ಮುಖಬೆಲೆಗೆ ಅರ್ಧ ವರ್ಷಕ್ಕೆ ಮೂರೂವರೆ ರೂಪಾಯಿ.

ಮೇಷ್ಟ್ರು ಒಂದು ಲಕ್ಷ ಮುಖಬೆಲೆಯ ಬಾಂಡ್ ಕೊಂಡರೆಂದು ಇಟ್ಟುಕೊಳ್ಳಿ. ಇವತ್ತು ಅವರ ಕೈಯಿಂದ 95,000 ರೂಪಾಯಿ ಹೋಗುತ್ತದೆ. ಆಮೇಲೆ ಆರು ತಿಂಗಳಿಗೊಮ್ಮೆ 3,500 ರೂಪಾಯಿಯಂತೆ ಹತ್ತು ಸಲ ಬರುತ್ತದೆ. ಹತ್ತನೇ ಕಂತಿನ ಜೊತೆಗೇ ಒಂದು ಲಕ್ಷ ಅಸಲು ಬರುತ್ತದೆ.

ಇದರ ಬಡ್ಡಿ ಎಷ್ಟೆಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ಪತ್ರದ ಮೇಲಿರುವುದು ಶೇ. 7. ಅದು ಮುಖಬೆಲೆಯ ಮೇಲಿನ ಬಡ್ಡಿ. ನಾವು ಕೊಟ್ಟ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಏಳನ್ನು ನಾವು ಕೊಟ್ಟ ತೊಂಬತ್ತೈದರಿಂದ ಭಾಗಿಸಿದರೆ ಶೇ. 7.37. ಇದಕ್ಕೆ ಕರೆಂಟ್ ಯೀಲ್ಡ್ ಎನ್ನುತ್ತಾರೆ. ಆದರೆ ಕೊನೆಯಲ್ಲಿ ಹೆಚ್ಚುವರಿಯಾಗಿ ಕೈಸೇರುವ ಐದು ರೂಪಾಯಿಯನ್ನು ಇದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರನೆಯದು ಎಲ್ಲವನ್ನೂ ಒಳಗೊಳ್ಳುತ್ತದೆ: ಪ್ರತಿ ಕಂತು, ಅದು ಬರುವ ಸಮಯ, ಕೊನೆಯ ಅಸಲು, ಇವತ್ತು ಕೊಟ್ಟ ಬೆಲೆ. ಇದೇ ಯೀಲ್ಡ್ ಟು ಮೆಚ್ಯೂರಿಟಿ, ಚಿಕ್ಕದಾಗಿ ವೈಟಿಎಂ. ಅಂದರೆ ಅವಧಿ ಮುಗಿಯುವ ತನಕ ಇಟ್ಟುಕೊಂಡರೆ ಸಿಗುವ ಇಳುವರಿ. ಬಾಂಡ್ ವ್ಯವಹಾರದವರು ಬರೀ "ಯೀಲ್ಡ್" ಎಂದರೆ ಬಹುಮಟ್ಟಿಗೆ ಇದೇ.

ಸೂತ್ರ ಯಾಕಿಲ್ಲ?

ಆರು ತಿಂಗಳ ನಂತರ ಬರುವ ಮೂರೂವರೆ ರೂಪಾಯಿಗೆ ಇವತ್ತು ಮೂರೂವರೆ ರೂಪಾಯಿಯ ಬೆಲೆಯಿಲ್ಲ. ಅರ್ಧ ವರ್ಷದ ಬಡ್ಡಿ ದರ i ಆದರೆ, ಅದರ ಇವತ್ತಿನ ಬೆಲೆ 3.5 ಭಾಗಿಸು (1 + i). ಎರಡನೇ ಕಂತಿನದು 3.5 ಭಾಗಿಸು (1 + i)². ಹೀಗೆ ಹತ್ತು ಕಂತುಗಳನ್ನೂ ಕೊನೆಯ ನೂರನ್ನೂ ಇವತ್ತಿಗೆ ಇಳಿಸಿ ಕೂಡಿದರೆ ಬಾಂಡಿನ ಬೆಲೆ ಬರಬೇಕು. ದರ ಗೊತ್ತಿದ್ದರೆ ಬೆಲೆ ಕಂಡುಹಿಡಿಯುವುದು ಸಲೀಸು. ನಮ್ಮ ಪ್ರಶ್ನೆ ಅದರ ತಿರುಗುಮುರುಗು: ಬೆಲೆ 95 ಎಂದು ಗೊತ್ತು, ದರ ಎಷ್ಟು?

ಈ ಸಮೀಕರಣದಲ್ಲಿ i ಹತ್ತನೇ ಘಾತದವರೆಗೆ ಹೋಗುತ್ತದೆ. ವರ್ಗ ಸಮೀಕರಣಕ್ಕೆ ಶಾಲೆಯಲ್ಲಿ ಕಲಿತ ಸೂತ್ರವಿದೆ. ಮೂರನೇ, ನಾಲ್ಕನೇ ಘಾತಕ್ಕೂ ಇವೆ. ಐದು ಮತ್ತು ಅದಕ್ಕೆ ಮೇಲ್ಪಟ್ಟ ಘಾತಗಳಿಗೆ ಅಂಥ ಸಾಮಾನ್ಯ ಸೂತ್ರ ಸಾಧ್ಯವೇ ಇಲ್ಲವೆಂದು ನಾರ್ವೆಯ ಗಣಿತಜ್ಞ ಆಬೆಲ್ 1824ರಲ್ಲಿ ಸಾಧಿಸಿ ತೋರಿಸಿದ. ಇಷ್ಟು ಕೇಳಿದ ಮೇಲೆ ಮೇಷ್ಟ್ರು ಸಮಾಧಾನಗೊಂಡರು. "ಹಾಗಾದ್ರೆ ಊಹೆ ಮಾಡಿ ಹಿಡೀಬೇಕು ಅನ್ನಿ."

ಈ ಊಹೆ ಕತ್ತಲಲ್ಲಿ ಕಲ್ಲೆಸೆದಂತೆ ಆಗದಿರಲು ಕಾರಣ ಒಂದಿದೆ. ಬೆಲೆ ಮತ್ತು ಇಳುವರಿ ಏತದ ಎರಡು ತುದಿಗಳಿದ್ದಂತೆ: ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ದರ ಹೆಚ್ಚಿಸಿದಷ್ಟೂ ಮುಂದೆ ಬರುವ ಹಣದ ಇವತ್ತಿನ ಬೆಲೆ ಕುಗ್ಗುತ್ತ ಹೋಗುತ್ತದೆ, ಎಲ್ಲೂ ಹಿಂದಿರುಗುವುದಿಲ್ಲ. ಆದ್ದರಿಂದ ಸರಿಯುತ್ತರ ಒಂದೇ ಇರುತ್ತದೆ. ನಮ್ಮ ಊಹೆಯಿಂದ ಬಂದ ಬೆಲೆ 95ಕ್ಕಿಂತ ಹೆಚ್ಚಿದ್ದರೆ ದರ ಸಾಲದು, ಕಡಿಮೆಯಿದ್ದರೆ ದರ ಜಾಸ್ತಿಯಾಯಿತು ಎಂದು ತಕ್ಷಣ ಗೊತ್ತಾಗುತ್ತದೆ.

ಮೊದಲ ಊಹೆ

ಒಂದು ಬೆಲೆಯಂತೂ ಲೆಕ್ಕವಿಲ್ಲದೆಯೇ ನಮಗೆ ಗೊತ್ತು. ದರ ಕೂಪನ್‌ನಷ್ಟೇ, ಅಂದರೆ ಅರ್ಧ ವರ್ಷಕ್ಕೆ ಶೇ. 3.5 ಆಗಿದ್ದರೆ ಬೆಲೆ ಸರಿಯಾಗಿ ನೂರು. ನೂರಕ್ಕೆ ಬೆಳೆದ ಬಡ್ಡಿಯೆಲ್ಲ ಕೂಪನ್ ಆಗಿ ಕೈಗೆ ಬಂದುಬಿಡುತ್ತದೆ, ಅಸಲು ನೂರಾಗಿಯೇ ಉಳಿಯುತ್ತದೆ. ನಮ್ಮ ಬೆಲೆ ನೂರಕ್ಕಿಂತ ಕಡಿಮೆ ಇರುವುದರಿಂದ ಉತ್ತರ 3.5ಕ್ಕಿಂತ ಮೇಲಿರಬೇಕು.

ಎಷ್ಟು ಮೇಲೆ ಎನ್ನುವುದಕ್ಕೆ ಹಳಬರು ಬಳಸುವ ಒಂದು ಒರಟು ಲೆಕ್ಕವಿದೆ. ಕೊನೆಯಲ್ಲಿ ಸಿಗುವ ಐದು ರೂಪಾಯಿ ಲಾಭವನ್ನು ಹತ್ತು ಕಂತುಗಳಿಗೆ ಹಂಚಿದರೆ ಕಂತಿಗೆ ಐವತ್ತು ಪೈಸೆ. ಕೂಪನ್ ಸೇರಿಸಿದರೆ ಅರ್ಧ ವರ್ಷಕ್ಕೆ ನಾಲ್ಕು ರೂಪಾಯಿ. ನಾವು ಹಾಕಿದ ಹಣ 95ರಿಂದ ಶುರುವಾಗಿ 100ಕ್ಕೆ ಮುಗಿಯುತ್ತದಾದ್ದರಿಂದ ಸರಾಸರಿ 97.50. ನಾಲ್ಕನ್ನು 97.50ರಿಂದ ಭಾಗಿಸಿದರೆ ಶೇ. 4.10. ಇದು ಉತ್ತರವಲ್ಲ, ಉತ್ತರ ಯಾವ ಓಣಿಯಲ್ಲಿದೆ ಎಂಬ ಸುಳಿವು. ಈಗ ಅದರ ಆಚೆಗೊಂದು ಈಚೆಗೊಂದು ದರ ಆರಿಸಿಕೊಳ್ಳೋಣ: ಶೇ. 4 ಮತ್ತು ಶೇ. 4.25.

ಶೇ. 4ರಲ್ಲಿ ಪರೀಕ್ಷೆ

ಹತ್ತು ಕಂತುಗಳನ್ನು ಒಂದೊಂದಾಗಿ ಇಳಿಸಬೇಕಾಗಿಲ್ಲ. ಬೇಕಾದದ್ದು 1.04ರ ಹತ್ತನೇ ಘಾತ ಮಾತ್ರ. ಅದನ್ನು ವರ್ಗ ಮಾಡುತ್ತ ಹೋಗಿ ಪಡೆಯಬಹುದು. 1.04ರ ವರ್ಗ 1.0816. ಅದರ ವರ್ಗ 1.169859, ಇದು ನಾಲ್ಕನೇ ಘಾತ. ಮತ್ತೆ ವರ್ಗ ಮಾಡಿದರೆ 1.368569, ಎಂಟನೇ ಘಾತ. ಇದನ್ನು ಮೊದಲಿನ 1.0816ರಿಂದ ಗುಣಿಸಿದರೆ ಹತ್ತನೇ ಘಾತ: 1.480244. ಒಂದನ್ನು ಇದರಿಂದ ಭಾಗಿಸಿದರೆ 0.675564. ಐದು ವರ್ಷದ ಮೇಲೆ ಬರುವ ಒಂದು ರೂಪಾಯಿಗೆ ಇವತ್ತು ಅರವತ್ತೇಳೂವರೆ ಪೈಸೆಯಷ್ಟು ಬೆಲೆ ಎಂದರ್ಥ.

ಮುಂದಿನ ಹೆಜ್ಜೆ ಕಂತುಗಳದು. ಒಂದರಿಂದ 0.675564 ಕಳೆದು 0.04ರಿಂದ ಭಾಗಿಸಿದರೆ 8.1109 ಸಿಗುತ್ತದೆ. ಹತ್ತು ಕಂತು ಒಂದೊಂದು ರೂಪಾಯಿ ಬಂದರೆ ಅವೆಲ್ಲದರ ಒಟ್ಟು ಇವತ್ತಿನ ಬೆಲೆ ಇದು. ನಮ್ಮ ಕಂತು ಮೂರೂವರೆ ರೂಪಾಯಿ, ಆದ್ದರಿಂದ 28.388. ಕೊನೆಯ ನೂರರ ಇವತ್ತಿನ ಬೆಲೆ 67.556. ಎರಡೂ ಸೇರಿ 95.944. ನಮಗೆ ಬೇಕಾದದ್ದು 95. ಸುಮಾರು 94 ಪೈಸೆ ಜಾಸ್ತಿ ಬಂತು, ಅಂದರೆ ದರ ಸಾಲದು.

ಶೇ. 4.25ಕ್ಕೂ ಅದೇ ಹಾದಿ. 1.0425ರ ಹತ್ತನೇ ಘಾತ 1.516214, ಅದರ ವಿಲೋಮ 0.659537. ಕಂತುಗಳ ಬೆಲೆ 28.038, ಅಸಲಿನ ಬೆಲೆ 65.954, ಒಟ್ಟು 93.992. ಈಗ 95ಕ್ಕಿಂತ ಒಂದು ರೂಪಾಯಿಯಷ್ಟು ಕಡಿಮೆ. ಉತ್ತರ ಈ ಎರಡು ತಪ್ಪು ದರಗಳ ನಡುವೆ ಸಿಕ್ಕಿಹಾಕಿಕೊಂಡಿತು.

ನಡುವಿನ ಜಾಗ ಅಳೆಯುವುದು

ಇಂಟರ್‌ಪೊಲೇಶನ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ತ್ರೈರಾಶಿ. ದರ 4ರಿಂದ 4.25ಕ್ಕೆ ಹೋದಾಗ ಬೆಲೆ 95.944ರಿಂದ 93.992ಕ್ಕೆ, ಅಂದರೆ 1.952 ರೂಪಾಯಿ ಇಳಿಯಿತು. ನಮಗೆ ಬೆಲೆ 95.944ರಿಂದ 95ಕ್ಕೆ, ಅಂದರೆ 0.944 ರೂಪಾಯಿ ಇಳಿದರೆ ಸಾಕು. 0.944 ಭಾಗಿಸು 1.952 ಎಂದರೆ 0.484. ಇಡೀ ದಾರಿಯ ಅರ್ಧಕ್ಕಿಂತ ತುಸು ಕಡಿಮೆ. ದರದ ದಾರಿ 0.25, ಅದರ 0.484 ಪಾಲು 0.121. ನಾಲ್ಕಕ್ಕೆ ಇದನ್ನು ಕೂಡಿದರೆ:

```
i = 4 + 0.25 × (95.944 − 95) / (95.944 − 93.992)
  = 4.121
YTM = 2 × 4.121 = 8.24
```

ಅರ್ಧ ವರ್ಷದ ದರ ಶೇ. 4.12; ಬಾಂಡ್ ಮಾರುಕಟ್ಟೆಯ ರೂಢಿಯಂತೆ ಅದನ್ನು ಸುಮ್ಮನೆ ಎರಡರಿಂದ ಗುಣಿಸಿ ಹೇಳುವ ವಾರ್ಷಿಕ ದರ ಶೇ. 8.24. ಚೀಟಿಯಲ್ಲಿ ಏಳು ಎಂದಿದ್ದ ಬಾಂಡ್ ತೊಂಬತ್ತೈದರ ಬೆಲೆಯಲ್ಲಿ ಎಂಟೂಕಾಲರ ಬಾಂಡ್ ಆಯಿತು.

ಮೇಷ್ಟ್ರು ಅಂಕಿಯನ್ನು ನೋಡಿದರು, ತೃಪ್ತರಾಗಲಿಲ್ಲ. "ಈ ಎಂಟು ಪಾಯಿಂಟ್ ಎರಡು ನಾಲ್ಕು ನನ್ನ ಹಣದಲ್ಲಿ ಎಲ್ಲಿದೆ ತೋರಿಸಿ" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಪಾಸ್‌ಬುಕ್ ಬರೆದಂತೆ ಬರೆದು ತೋರಿಸಿದೆ.

ನೀವು 95,000 ರೂಪಾಯಿಯನ್ನು ಒಂದು ಖಾತೆಯಲ್ಲಿ ಇಟ್ಟಿದ್ದೀರಿ, ಅದಕ್ಕೆ ಆರು ತಿಂಗಳಿಗೆ ಶೇ. 4.12ರ ಬಡ್ಡಿ ಎಂದುಕೊಳ್ಳಿ. ಮೊದಲ ಆರು ತಿಂಗಳಿಗೆ ಬೆಳೆಯುವ ಬಡ್ಡಿ 3,914 ರೂಪಾಯಿ. ಕೂಪನ್ ಆಗಿ ಕೈಗೆ ಬರುವುದು 3,500 ಮಾತ್ರ. ಉಳಿದ 414 ರೂಪಾಯಿ ಅಸಲಿಗೆ ಸೇರಿ ಖಾತೆ 95,414 ಆಗುತ್ತದೆ. ಮುಂದಿನ ಆರು ತಿಂಗಳು ಬಡ್ಡಿ ಇದರ ಮೇಲೆ, 3,931 ರೂಪಾಯಿ. ಮತ್ತೆ 3,500 ಹೋಗಿ 431 ಉಳಿದು, ಖಾತೆ 95,845. ಮೂರನೇ ಸಲ 449 ಸೇರಿ 96,294. ಹೀಗೆ ಹತ್ತು ಸಾಲು ಬರೆದರೆ ಕೊನೆಯಲ್ಲಿ ಖಾತೆಯಲ್ಲಿ ನಿಲ್ಲುವುದು 99,998 ರೂಪಾಯಿ. ಆ ದಿನ ಸರ್ಕಾರ ಕೊಡುವುದು ಒಂದು ಲಕ್ಷ. ಎರಡು ರೂಪಾಯಿಯ ವ್ಯತ್ಯಾಸ ನಾವು ದರವನ್ನು ಎರಡು ದಶಮಾಂಶಕ್ಕೆ ಮೊಟಕು ಮಾಡಿದ್ದರಿಂದ ಬಂದದ್ದು. ವೈಟಿಎಂ ಎಂದರೆ ಈ ಖಾತೆಯನ್ನು ಸರಿಯಾಗಿ ಒಂದು ಲಕ್ಷಕ್ಕೆ ತಂದು ನಿಲ್ಲಿಸುವ ದರ.

ತಪ್ಪು ಒಂದೇ ಕಡೆಗೆ

ತ್ರೈರಾಶಿ ಬಳಸುವಾಗ ಬೆಲೆ ನೇರ ಗೆರೆಯಲ್ಲಿ ಇಳಿಯುತ್ತದೆ ಎಂದು ಒಪ್ಪಿಕೊಂಡಂತಾಯಿತು. ವಾಸ್ತವದಲ್ಲಿ ಅದು ಬಾಗಿದ ಗೆರೆ. ಎರಡು ಕಂಬಗಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರೆ ಅದು ನಡುವೆ ಜೋಲುತ್ತದಲ್ಲ, ಬೆಲೆಯ ಗೆರೆಯೂ ಹಾಗೆ. ನಮ್ಮ ತ್ರೈರಾಶಿ ಅದೇ ಎರಡು ಕಂಬಗಳ ನಡುವೆ ಬಿಗಿಯಾಗಿ ಎಳೆದ ದಾರ. ದಾರ ಯಾವಾಗಲೂ ಹಗ್ಗಕ್ಕಿಂತ ಮೇಲೆ. ದರ ಏರಿದಂತೆ ಎರಡೂ ಇಳಿಯುತ್ತವೆ. ಕೆಳಗಿರುವ ಹಗ್ಗ 95ರ ಮಟ್ಟವನ್ನು ಮೊದಲು ಮುಟ್ಟುತ್ತದೆ, ದಾರ ಸ್ವಲ್ಪ ಮುಂದೆ ಹೋಗಿ ಮುಟ್ಟುತ್ತದೆ. ಆದ್ದರಿಂದ ಎರಡು ದರಗಳ ನಡುವೆ ಹೀಗೆ ಪಡೆದ ಇಳುವರಿ ನಿಜವಾದ ಇಳುವರಿಗಿಂತ ಯಾವಾಗಲೂ ತುಸು ಹೆಚ್ಚೇ ಇರುತ್ತದೆ, ಎಂದೂ ಕಡಿಮೆ ಇರುವುದಿಲ್ಲ.

ಕಂಬಗಳು ದೂರವಾದಷ್ಟೂ ಹಗ್ಗ ಹೆಚ್ಚು ಜೋಲುತ್ತದೆ. ಶೇ. 3.5 ಮತ್ತು 4.5ರ ನಡುವೆ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ನೋಡಿ. 3.5ರಲ್ಲಿ ಬೆಲೆ 100, 4.5ರಲ್ಲಿ 92.087. ತ್ರೈರಾಶಿಯಿಂದ ಬರುವ ಅರ್ಧ ವರ್ಷದ ದರ 4.132, ವಾರ್ಷಿಕ 8.26. ನಿಜವಾದ ಉತ್ತರ 8.2403. ಒಂದು ಶೇಕಡಾ ಅಂತರದ ಕಂಬಗಳಿಂದ ಎರಡು ಮೂಲಾಂಶಕ್ಕೂ ಮೇಲೆ ತಪ್ಪಿತು. ಮೂಲಾಂಶ ಎಂದರೆ ಶೇಕಡಾ ಒಂದರ ನೂರನೇ ಒಂದು ಭಾಗ. ಕಾಲು ಶೇಕಡಾ ಅಂತರದ ಕಂಬಗಳಿಂದ ನಮಗೆ ಬಂದದ್ದು 8.2419. ಅಲ್ಲಿ ತಪ್ಪು ಮೂಲಾಂಶದ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಇನ್ನೂ ನಿಖರ ಬೇಕಾದರೆ ಬಂದ ಉತ್ತರದ ಸುತ್ತ 4.10 ಮತ್ತು 4.15 ಎಂದು ಕಂಬಗಳನ್ನು ಹತ್ತಿರ ತಂದು ಮತ್ತೊಂದು ಸುತ್ತು ಹಾಕಬೇಕು.

ಯಂತ್ರವೂ ಮಾಡುವುದು ಇದೇ ಜಾತಿಯ ಕೆಲಸವನ್ನೇ. ಎಕ್ಸೆಲ್‌ನಲ್ಲಿ ಈ ಬಾಂಡಿನ ಇಳುವರಿ ತಾಳೆ ನೋಡಲು ಇಷ್ಟು ಸಾಕು:

```
=RATE(10,3.5,-95,100)*2
```

ಇದರ ಒಳಗೂ ಗುಪ್ತ ಸೂತ್ರವೇನೂ ಇಲ್ಲ. ಊಹಿಸಿ, ತಪ್ಪು ಅಳೆದು, ತಿದ್ದಿಕೊಳ್ಳುವ ಕೆಲಸವನ್ನು ಅದು ಇಪ್ಪತ್ತು ಸಲದವರೆಗೆ ಮಾಡುತ್ತದೆ. ಅಷ್ಟರಲ್ಲಿ ಉತ್ತರ ಒಂದೆಡೆ ನಿಲ್ಲದಿದ್ದರೆ `#NUM!` ಎಂದು ಕೈಚೆಲ್ಲುತ್ತದೆ. 95ರ ಹಿಂದಿನ ಋಣ ಚಿಹ್ನೆ ಮರೆಯಬಾರದು. ಅದು ನಮ್ಮ ಕೈಬಿಟ್ಟು ಹೋಗುವ ಹಣ.

ಲೆಕ್ಕ ಎಲ್ಲಿ ಎಡವುತ್ತದೆ

ಕಾಲೇಜಿನಲ್ಲಿ ಈ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು ಆರು ತಿಂಗಳನ್ನು ಮರೆಯುವುದು. ವರ್ಷಕ್ಕೆ ಏಳು ರೂಪಾಯಿಯಂತೆ ಐದು ಕಂತು ಎಂದು ಹಿಡಿದು ಲೆಕ್ಕ ಹಾಕಿದರೆ ಶೇ. 8.26 ಬರುತ್ತದೆ. ನಮ್ಮ 8.24ಕ್ಕೆ ಇದು ಎಷ್ಟು ಹತ್ತಿರವಿದೆಯೆಂದರೆ, ಸರಿಯಾಗಿಯೇ ಇದೆ ಅನ್ನಿಸಿಬಿಡುತ್ತದೆ. ಆದರೆ ಅದು ಬೇರೆಯೇ ಬಾಂಡಿನ ಉತ್ತರ. ನಮ್ಮ ಬಾಂಡ್ ಪ್ರತಿ ವರ್ಷದ ಮೊದಲ ಮೂರೂವರೆ ರೂಪಾಯಿಯನ್ನು ಆರು ತಿಂಗಳು ಮುಂಚೆಯೇ ಕೊಡುತ್ತದೆ. ವರ್ಷಕ್ಕೊಮ್ಮೆ ಕೊಡುವ ಬಾಂಡಿನ ಜೊತೆ ಅದನ್ನು ಹೋಲಿಸಬೇಕಾದರೆ 1.0412ನ್ನು ವರ್ಗ ಮಾಡಬೇಕು, ಶೇ. 8.41 ಬರುತ್ತದೆ. 8.26ಕ್ಕೆ ಎದುರಾಗಿ ನಿಲ್ಲಿಸಬೇಕಾದದ್ದು ಈ 8.41ನ್ನು.

ಬ್ಯಾಂಕ್ ಠೇವಣಿಯ ಜೊತೆ ಹೋಲಿಸುವಾಗಲೂ ಇದೇ ಎಚ್ಚರ ಬೇಕು. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟುವ ಠೇವಣಿಯ ಭಾಷೆಗೆ ತಿರುಗಿಸಿದರೆ ನಮ್ಮ ಬಾಂಡಿನ 8.24 ಎನ್ನುವುದು ಶೇ. 8.16 ಆಗುತ್ತದೆ. ಅಂದರೆ ಶೇ. 8.20 ಎಂದು ಬೋರ್ಡು ಹಾಕಿದ ಅಂಥ ಠೇವಣಿಯ ದರ ನೋಡಲು ಕಡಿಮೆ ಕಂಡರೂ ನಿಜದಲ್ಲಿ ಈ ಬಾಂಡಿಗಿಂತ ಹೆಚ್ಚು.

ಎರಡನೇ ತಪ್ಪು ಇನ್ನೂ ದುಬಾರಿ. ಇಲ್ಲಿಯವರೆಗೆ ಮೇಷ್ಟ್ರು ಬಾಂಡ್ ಕೊಂಡದ್ದು ಕೂಪನ್ ಬಂದ ದಿನವೇ ಎಂದು ಹಿಡಿದಿದ್ದೆವು. ಕೂಪನ್ ಬಂದು ಮೂರು ತಿಂಗಳಾದ ಮೇಲೆ ಕೊಂಡರೆ? ಮುಂದಿನ ಕೂಪನ್ ಪೂರ್ತಿಯಾಗಿ ಮೇಷ್ಟ್ರಿಗೇ ಬರುತ್ತದೆ, ಆದರೆ ಅದರಲ್ಲಿ ಮೂರು ತಿಂಗಳ ಪಾಲು ಮಾರಿದವರದು. ಸರ್ಕಾರಿ ಬಾಂಡ್‌ಗಳಲ್ಲಿ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಎಂಬ ಲೆಕ್ಕ. ಆದ್ದರಿಂದ 180ರಲ್ಲಿ 90 ದಿನ, ಮೂರೂವರೆಯಲ್ಲಿ ಅರ್ಧ, 1.75 ರೂಪಾಯಿ. ಪರದೆಯ ಮೇಲೆ ಕಾಣುವ ಬೆಲೆ 95 ಆದರೂ ಖಾತೆಯಿಂದ ಹೋಗುವುದು 96.75. ಮೊದಲನೆಯದಕ್ಕೆ ಕ್ಲೀನ್ ಪ್ರೈಸ್, ಎರಡನೆಯದಕ್ಕೆ ಡರ್ಟಿ ಪ್ರೈಸ್ ಎಂಬುದು ಪೇಟೆಯ ಮಾತು.

ಪರೀಕ್ಷೆಯ ಕ್ರಮ ಸ್ವಲ್ಪವೇ ಬದಲಾಗುತ್ತದೆ. ಹಿಂದಿನ ಕೂಪನ್ ದಿನಕ್ಕೆ ಹತ್ತು ಕಂತುಗಳ ಬೆಲೆಯನ್ನು ಮೊದಲಿನಂತೆಯೇ ಕಂಡುಕೊಂಡು, ಅದನ್ನು ಅರ್ಧ ಕಂತಿನಷ್ಟು ಮುಂದಕ್ಕೆ ತರಲು (1 + i)ಯ ವರ್ಗಮೂಲದಿಂದ ಗುಣಿಸಬೇಕು. ಹಾಗೆ ಬಂದದ್ದನ್ನು 96.75ರ ಜೊತೆ ತಾಳೆ ನೋಡಬೇಕು. ಶೇ. 4.145ರಲ್ಲಿ ಹಿಂದಿನ ಕೂಪನ್ ದಿನದ ಬೆಲೆ 94.806, ಅದನ್ನು 1.04145ರ ವರ್ಗಮೂಲವಾದ 1.0205ರಿಂದ ಗುಣಿಸಿದರೆ 96.75 ಬರುತ್ತದೆ. ಆದ್ದರಿಂದ ಇಳುವರಿ 8.29. ಐದು ರೂಪಾಯಿ ಲಾಭ ಮೂರು ತಿಂಗಳು ಬೇಗ ಕೈಸೇರುವುದರಿಂದ ಮೊದಲಿನ 8.24ಕ್ಕಿಂತ ಇದು ತುಸು ಹೆಚ್ಚು. ಆದರೆ ಆ 1.75ನ್ನು ಮರೆತು, ಕೈಬಿಟ್ಟದ್ದು 95 ಮಾತ್ರ ಎಂದು ಲೆಕ್ಕ ಹಾಕಿದರೆ 8.76 ಬರುತ್ತದೆ. ಇಲ್ಲದ ಅರ್ಧ ಶೇಕಡಾ ಬಡ್ಡಿ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಮೂರು ತಿಂಗಳ ಅಂತರಕ್ಕೆ ಇಳುವರಿ ಇಷ್ಟೊಂದು ಜಿಗಿದಿದ್ದರೆ ಮೊದಲು ನೋಡಬೇಕಾದದ್ದು ಈ ಜಾಗವನ್ನು.

8.24 ಹೇಳದ ಮಾತು

ಲೆಕ್ಕ ಸರಿಯಾಗಿದ್ದರೂ ಅದರ ಅರ್ಥದಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ನಮ್ಮ ಪಾಸ್‌ಬುಕ್ಕಿನಲ್ಲಿ ಶೇ. 4.12 ಬೆಳೆದದ್ದು ಖಾತೆಯೊಳಗೆ ಉಳಿದ ಹಣಕ್ಕೆ ಮಾತ್ರ. ಹೊರಗೆ ಬಂದ 3,500ಗಳಿಗೆ ಅಲ್ಲ. ಮೇಷ್ಟ್ರು ಕೂಪನ್ ಹಣವನ್ನು ಮನೆ ಖರ್ಚಿಗೆ ಬಳಸುವುದಾದರೆ ಈ ಪ್ರಶ್ನೆಯೇ ಇಲ್ಲ. ಆದರೆ ಐದು ವರ್ಷದ ಮೇಲೆ ಮೊಮ್ಮಗಳ ಓದಿಗೆ ಒಟ್ಟು ಮೊತ್ತ ಬೇಕು, ಬಂದ ಕೂಪನ್ನನ್ನೆಲ್ಲ ಮತ್ತೆ ಹೂಡುತ್ತೇನೆ ಎಂದರೆ ಆ ಹೂಡಿಕೆಗೆ ಸಿಗುವ ದರವೂ ಮುಖ್ಯವಾಗುತ್ತದೆ. ಆರು ತಿಂಗಳಿಗೆ ಶೇ. 3 ಮಾತ್ರ ಸಿಕ್ಕಿತೆಂದರೆ ಹತ್ತು ಕೂಪನ್‌ಗಳು ಬೆಳೆದು 40,124 ರೂಪಾಯಿ ಆಗುತ್ತವೆ. ಅಸಲು ಸೇರಿ 1,40,124. 95,000 ರೂಪಾಯಿ ಐದು ವರ್ಷದಲ್ಲಿ ಇಷ್ಟಾಗಿದ್ದರೆ ಅದೇ ರೀತಿಯಲ್ಲಿ ಹೇಳುವ ದರ ಶೇ. 7.93. ಎಂಟೂಕಾಲರ ಹತ್ತಿರವಿದ್ದದ್ದು ಎಂಟರ ಕೆಳಗಿಳಿಯಿತು. ಇನ್ನು ನಡುವೆಯೇ ಬಾಂಡ್ ಮಾರಿದರೆ ಆ ದಿನದ ಪೇಟೆ ಬೆಲೆ ಎಷ್ಟೋ ಅದರ ಮೇಲೆ ಎಲ್ಲ ನಿಲ್ಲುತ್ತದೆ, ಅಲ್ಲಿ 8.24ಕ್ಕೆ ಯಾವ ಅಧಿಕಾರವೂ ಇಲ್ಲ.

ಎರಡು ದಿನ ಕಳೆದು ಮೇಷ್ಟ್ರು ಮತ್ತೆ ಬಂದರು. ಈ ಸಲ ಅವರೇ ಒಂದು ಲೆಕ್ಕ ಹಾಕಿಕೊಂಡು ಬಂದಿದ್ದರು. ಅದೇ ಶೇ. 7ರ, ಐದು ವರ್ಷದ ಬಾಂಡಿಗೆ 95ರ ಬದಲು 104 ರೂಪಾಯಿ ಬೆಲೆ ಇದ್ದಿದ್ದರೆ ಎಂದು. ಒರಟು ಲೆಕ್ಕದಿಂದ ಮೂರರ ಆಸುಪಾಸು ಎಂದು ಕಂಡು, ಶೇ. 3ರಲ್ಲಿ ಪರೀಕ್ಷಿಸಿ 104.265 ಪಡೆದಿದ್ದರು. ಇನ್ನೊಂದು ಕಂಬಕ್ಕೆ ಹೊಸ ಲೆಕ್ಕ ಹಾಕಿರಲೇ ಇಲ್ಲ, ಶೇ. 3.5ರಲ್ಲಿ ಬೆಲೆ ನೂರೆಂದು ಗೊತ್ತಿದ್ದದ್ದನ್ನೇ ನೆಟ್ಟಿದ್ದರು. ತ್ರೈರಾಶಿಯಲ್ಲಿ 3.031, ಎರಡರಷ್ಟು ಮಾಡಿ 6.06 ಎಂದು ಬರೆದು, ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿದ್ದರು: "ನಿಜವಾದದ್ದು ಇದಕ್ಕಿಂತ ಕೂದಲೆಳೆ ಕಡಿಮೆ ಇರಬೇಕು."

ತಾಳೆ ನೋಡಿದೆ. ಅರ್ಧ ವರ್ಷದ ನಿಜವಾದ ದರ 3.030 ಇತ್ತು.